ಮಾದರಿ ಗೀರೆಂದು ಗೋಡೆಗೇರಿದ ಹುಣ್ಣು

ಕಣ್ಣು ಕಳೆದುಕೊಂಡವರು ಹಳೇಬೀಡಿನ ಬಳಿಯ ಹಗರೆಯಲ್ಲಿ ಹಸು ಸಾಕಿ ಡೈರಿಗೆ ಹಾಲು ಹಾಕುವ ಒಬ್ಬ ಹೆಂಗಸು. ಅವರ ಕಣ್ಣಿನ ಫೋಟೋ ನೋಡಿ ‘ಮೇಲ್ಪದರದ ಗೀರು’ ಎಂದು ಗುರುತು ಹಾಕಿದ ವೈದ್ಯರು ಏನನ್ನೂ ಕಳೆದುಕೊಳ್ಳಲಿಲ್ಲ. ಒಬ್ಬ ರೋಗಿಗೆ ಒಂದೇ ಫೋಟೋ ಸಾಕು ಎಂದು ನಿಯಮ ಮಾಡಿದ ಸಂಸ್ಥೆಯೂ ಏನನ್ನೂ ಕಳೆದುಕೊಳ್ಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದೆ ನಡೆದ ಸಭೆಯಲ್ಲಿ ಸಂಸ್ಥೆಯ ಪ್ರತಿಷ್ಠೆ, ಯೋಜನೆಯ ಭವಿಷ್ಯ, ಸಿಬ್ಬಂದಿಯ ಮನೋಬಲ ಎಲ್ಲದರ ಮಾತೂ ಬಂತು. ಆ ಕಣ್ಣಿನ ಮಾತು ಮಾತ್ರ ನಾನು ಎತ್ತಿದಾಗಷ್ಟೇ ಬಂತು.

ನಾನು ಅರಸೀಕೆರೆಯಲ್ಲಿ ಕಣ್ಣಿನ ವೈದ್ಯೆ. ನಮ್ಮದು ಸಣ್ಣ ಆಸ್ಪತ್ರೆ. ಬೆಳಗಿನ ರೈಲಿನಲ್ಲಿ ಬರುವವರು, ಜಾವಗಲ್ಲಿನ ಕಡೆಯಿಂದ ಬಸ್ಸಿಳಿದು ಬರುವವರು, ಮಾಲೇಕಲ್ಲಿನ ಬೆಟ್ಟ ಹತ್ತಿ ಇಳಿದು ಹಾಗೆಯೇ ಕನ್ನಡಕ ಬರೆಸಿಕೊಂಡು ಹೋಗೋಣವೆಂದು ಬರುವವರು, ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ. ಆ ಬೆಂಚಿನ ತುದಿಯಲ್ಲಿ ಒಂದು ದಿನ ಈ ಹೆಂಗಸು ಕೂತಿದ್ದರು. ಬಲಗಣ್ಣಿಗೆ ಹತ್ತಿಯ ಪ್ಯಾಡು ಕಟ್ಟಿ, ಅದರ ಮೇಲೆ ಸೆರಗು ಒತ್ತಿ ಹಿಡಿದಿದ್ದರು. ವಯಸ್ಸು ನಲವತ್ತರ ಆಸುಪಾಸು.

‘ಏನಾಯ್ತಮ್ಮ?’ ಎಂದೆ.

‘ಹಾಲು ಕರೆಯೋವಾಗ ಹಸ ಬಾಲ ಬೀಸ್ತು ಡಾಕ್ಟ್ರಮ್ಮ. ಸಗಣಿ ಬಾಲ. ಪಟಾರ್ ಅಂತ ಬಿತ್ತು ಕಣ್ಣಿಗೆ.’

‘ಯಾವಾಗ?’

‘ಹದಿನೈದು ದಿನದ ಮೇಲಾಯ್ತು. ಹಳೇಬೀಡ್ನಾಗೆ ತೋರಿಸ್ದೆ, ಬಾಲ ಬಡಿದದ್ದೂ ಹೇಳ್ದೆ. ಟಿವಿಯೊಳಗಿನ ಡಾಕ್ಟ್ರು ಗೀರು ಅಂದ್ರು. ಹನಿ ಬಿಟ್ಕಂಡು ಪ್ಯಾಡು ಕಟ್ಕ, ಹೋಯ್ತದೆ ಅಂದ್ರು. ಹೋಯ್ತಾ ಇರೋದು ಕಣ್ಣು.’

ಟಿವಿಯೊಳಗಿನ ಡಾಕ್ಟರೆಂದರೆ ಹಳೇಬೀಡಿನ ದೃಷ್ಟಿ ಕೇಂದ್ರದ ಪರದೆಯಲ್ಲಿ ಕಾಣುವ ವೈದ್ಯರು. ಒಂದು ಸೇವಾ ಸಂಸ್ಥೆ ಬೇಲೂರು, ಹಳೇಬೀಡು ಮೊದಲಾದ ಕಡೆ ಇಂಥ ಕೇಂದ್ರಗಳನ್ನು ನಡೆಸುತ್ತದೆ. ಅಲ್ಲಿ ವೈದ್ಯರಿರುವುದಿಲ್ಲ. ತರಬೇತಿ ಪಡೆದ ತಂತ್ರಜ್ಞರು ಕಣ್ಣಿನ ಫೋಟೋ ತೆಗೆದು ಕಳುಹಿಸುತ್ತಾರೆ. ದೂರದ ನಗರದಲ್ಲಿ ಕುಳಿತ ವೈದ್ಯರು ಅದನ್ನು ನೋಡಿ ರೋಗದ ಹೆಸರು ಹೇಳಿ ಔಷಧಿ ಬರೆಯುತ್ತಾರೆ. ವ್ಯವಸ್ಥೆಯನ್ನು ನಾನು ದ್ವೇಷಿಸುವುದಿಲ್ಲ. ಬಸ್ಸಿಗಾಗಿ ದಿನವಿಡೀ ಕಾಯಬೇಕಾದ ಊರಿನಲ್ಲಿ ಅದು ಬೇಕು. ಬೇಕಾದದ್ದನ್ನು ಕೆಟ್ಟದಾಗಿ ಮಾಡುವವರ ಮೇಲೆ ನನಗೆ ಕೋಪ.

ಪ್ಯಾಡು ಬಿಚ್ಚಿ, ಕಣ್ಣು ನೋಡುವ ಸ್ಲಿಟ್ ಲ್ಯಾಂಪ್ ಯಂತ್ರದ ಮೇಲೆ ಅವರ ಗದ್ದವನ್ನಿಟ್ಟು, ಸಾಮಾನ್ಯ ಬಿಳಿ ಬೆಳಕು ಹಾಕಿದೆ. ಗಾಯ ತೋರಿಸುವ ಬಣ್ಣದ ಕಾಗದ ಮುಟ್ಟಿಸುವ ಅಗತ್ಯವೂ ಬೀಳಲಿಲ್ಲ. ಗಾಜಿನಂತೆ ಇರಬೇಕಾದ, ಕಣ್ಣಿನ ಮುಂಭಾಗದ ಪದರವಾದ ಕಾರ್ನಿಯಾದ ನಡುವೆ, ಪಾಪೆಯ ನೇರಕ್ಕೆ, ಬೂದು ಮಿಶ್ರಿತ ಬಿಳಿಯ ಮಚ್ಚೆ ಕೂತಿತ್ತು. ಅದರ ಮೇಲ್ಮೈ ಒಣಗಿ ತುಸು ಉಬ್ಬಿತ್ತು. ಅಂಚು ಕತ್ತರಿಸಿದಂತೆ ಇರಲಿಲ್ಲ. ಹಕ್ಕಿಯ ಗರಿಯ ತುದಿಯಂತೆ ಎಳೆ ಎಳೆಯಾಗಿ ಸುತ್ತಲಿನ ಪದರಕ್ಕೆ ಇಳಿದಿತ್ತು. ಮಚ್ಚೆಯಿಂದ ಬೇರೆಯಾಗಿ ಎರಡು ಮರಿ ಚುಕ್ಕೆಗಳು. ಕೆಳಗೆ, ಕಾರ್ನಿಯಾದ ಹಿಂದೆ, ಕೀವು ನೀರಿನ ಮಟ್ಟದಂತೆ ಸಮವಾಗಿ ತಂಗಿತ್ತು. ಬೆಳಕನ್ನು ಸೀಳಾಗಿ ಕಿರಿದು ಮಾಡಿ ಓರೆಯಾಗಿ ಬಿಟ್ಟಾಗ ಆ ಬಿಳುಪು ಮೇಲ್ಪದರದಲ್ಲಿ ನಿಲ್ಲದೆ ಕಾರ್ನಿಯಾದ ಅರ್ಧ ದಪ್ಪಕ್ಕಿಂತ ಆಳಕ್ಕೆ ಇಳಿದಿರುವುದು ಕಂಡಿತು. ಅಂಚಿನಿಂದ ಕೆರೆದು ತೆಗೆದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕವಲೊಡೆದ ಬೂಷ್ಟಿನ ಎಳೆಗಳು. ಅದು ಶಿಲೀಂಧ್ರದ ಹುಣ್ಣು. ಸಗಣಿ ಮೆತ್ತಿದ ಬಾಲ, ಸೊಪ್ಪು, ಹುಲ್ಲು ಇಂಥವು ಕಣ್ಣಿಗೆ ಬಡಿದವರಲ್ಲಿ ಇದನ್ನೇ ಮೊದಲು ಅನುಮಾನಿಸಬೇಕೆಂದು ನಮಗೆಲ್ಲ ವಿದ್ಯಾರ್ಥಿಗಳಾಗಿದ್ದಾಗಲೇ ಕಲಿಸಿದ್ದರು.

ಅವರು ಬಿಟ್ಟುಕೊಳ್ಳುತ್ತಿದ್ದ ಹನಿಯ ಸೀಸೆ ಕೇಳಿದೆ. ಕುಪ್ಪಸದೊಳಗಿನಿಂದ ತೆಗೆದುಕೊಟ್ಟರು. ಸ್ಟೀರಾಯ್ಡ್ ಬೆರೆತ ಔಷಧಿ. ಶಿಲೀಂಧ್ರದ ಹುಣ್ಣಿಗೆ ಸ್ಟೀರಾಯ್ಡ್ ಹಾಕುವುದೆಂದರೆ ದೇಹದ ಕಾವಲನ್ನು ಕಳಚಿ ರೋಗಕ್ಕೆ ಬಾಗಿಲು ತೆರೆದಂತೆ. ಮೊದಲ ದಿನಗಳಲ್ಲಿ ಕೆಂಪು ಕಡಿಮೆಯಾಗುತ್ತದೆ, ನೋವೂ ತಗ್ಗುತ್ತದೆ. ರೋಗಿ ವಾಸಿಯಾಯಿತೆಂದು ನಂಬುತ್ತಾರೆ. ಒಳಗೆ ಎಳೆಗಳು ಹಬ್ಬುತ್ತಿರುತ್ತವೆ.

‘ಎಲ್ಡು ದಿನ ಚೆನ್ನಾಗೇ ಇತ್ತು,’ ಎಂದರು ಅವರು. ‘ಹಸೂನೂ ಬೈಯೋದು ಬಿಟ್ಟಿದ್ದೆ. ಮತ್ತೆ ನೋವಾಗಿ ಹೋದ್ರೆ, ಅದೇ ಹನಿ ಬಿಟ್ಕಂತ ಇರು ಅಂದ್ರು.’

ಆ ಹನಿ ನಿಲ್ಲಿಸಿ, ಪ್ಯಾಡು ಬಿಸಾಕಿ, ಶಿಲೀಂಧ್ರದ ಔಷಧಿಯನ್ನು ಗಂಟೆಗೊಮ್ಮೆ ಬಿಡಲು ಶುರು ಮಾಡಿದೆವು. ವಾರಗಳು ಹಿಡಿದವು. ಹುಣ್ಣು ಮಾಯಿತು, ದೃಷ್ಟಿ ಉಳಿಯಲಿಲ್ಲ. ಪಾಪೆಯ ಮೇಲೆ ಸುಣ್ಣ ಬಳಿದಂಥ ದಪ್ಪ ಕಲೆ ನಿಂತುಬಿಟ್ಟಿತು. ಈಗ ಆ ಕಣ್ಣಿನ ಮುಂದೆ ಕೈ ಆಡಿಸಿದರೆ ಆಡುತ್ತಿರುವುದು ಗೊತ್ತಾಗುತ್ತದೆ, ಅಷ್ಟೇ. ಕಾರ್ನಿಯಾ ಕಸಿಗೆ ಹೆಸರು ಬರೆಸಿದ್ದೇವೆ. ಅದು ಯಾವಾಗ ಸಿಗುತ್ತದೋ, ಸಿಕ್ಕರೂ ಎಷ್ಟು ನಿಲ್ಲುತ್ತದೋ, ನಾನು ಭರವಸೆ ಕೊಡಲಾರೆ.

ಚಿಕಿತ್ಸೆ ನಡೆಯುತ್ತಿದ್ದಾಗಲೇ ನಾನು ಹಳೇಬೀಡಿನ ಕೇಂದ್ರಕ್ಕೆ ಹೋದೆ. ಕೆರೆಯ ಏರಿಯಿಂದ ಬರುವ ರಸ್ತೆಯಲ್ಲಿ, ಪ್ರವಾಸಿಗರಿಗೆ ಎಳನೀರು ಮಾರುವ ಅಂಗಡಿಗಳನ್ನು ದಾಟಿ, ಮಹಡಿಯ ಮೇಲೆ ಎರಡು ಕೋಣೆ. ತಂತ್ರಜ್ಞೆ ಊರಿನ ಬಸದಿಯ ಬಳಿಯ ವ್ಯಾಪಾರಿ ಕುಟುಂಬದವರು, ಹಲವು ವರ್ಷಗಳಿಂದ ಅಲ್ಲಿ ಕೆಲಸ ಮಾಡುತ್ತಿರುವವರು. ನನ್ನನ್ನು ಕಂಡು ಕುರ್ಚಿ ಸರಿಸಿದರು.

‘ಜಗಳ ಮಾಡೋಕ್ಕೆ ಬಂದಿದೀರ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ ಮೇಡಂ. ಕಾಫಿ ಕುಡಿದು ಶುರು ಮಾಡೋಣ.’

‘ಜಗಳ ನಿಮ್ಮ ಜೊತೆ ಅಲ್ಲ. ಹಗರೆಯ ಆ ಹೆಂಗಸಿನ ಮೊದಲ ದಿನದ ಫೋಟೋ ತೋರಿಸಿ.’

ಫೋನಿನಲ್ಲಿ ತೋರಿಸಿದರು. ಒಂದೇ ಫೋಟೋ. ನೀಲಿ ಬೆಳಕಿನದು.

ಇಲ್ಲಿ ಸ್ವಲ್ಪ ವಿವರಿಸಬೇಕು. ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣ ಹಚ್ಚಿದ ಸಣ್ಣ ಕಾಗದದ ಪಟ್ಟಿಯನ್ನು ಒಂದು ಹನಿ ಉಪ್ಪುನೀರಿನಿಂದ ಒದ್ದೆ ಮಾಡಿ ಕೆಳರೆಪ್ಪೆಯ ಒಳಗೆ ಮುಟ್ಟಿಸುತ್ತಾರೆ. ರೋಗಿ ಕಣ್ಣು ಮಿಟುಕಿಸಿದಾಗ ಬಣ್ಣ ಹರಡುತ್ತದೆ. ಮೇಲೆ ನೀಲಿ ಬೆಳಕು ಬಿಟ್ಟರೆ, ಕಾರ್ನಿಯಾದ ಹೊರಪದರ ಎಲ್ಲಿ ಕಿತ್ತಿದೆಯೋ ಅಲ್ಲಿ ಬಣ್ಣ ಹಿಡಿದು ಹಸಿರಾಗಿ ಹೊಳೆಯುತ್ತದೆ. ಉಗುರು ತಾಗಿದ ಗೀರಾದರೂ ಹಸಿರು, ಕೊರೆದು ಇಳಿದ ಹುಣ್ಣಾದರೂ ಹಸಿರು. ಹೊರಪದರ ಇಲ್ಲವೆಂದು ಆ ಬಣ್ಣ ಹೇಳುತ್ತದೆ. ಅದರಡಿ ಏನಿದೆಯೆಂದು ಹೇಳುವುದಿಲ್ಲ. ಅದನ್ನು ತಿಳಿಯಲು ಬಿಳಿ ಬೆಳಕಿನ ಚಿತ್ರ ಬೇಕು. ಬರೀ ಗೀರಾಗಿದ್ದರೆ ಬಿಳಿ ಬೆಳಕಿನಲ್ಲಿ ಅಡಿಯ ಪದರ ಸ್ವಚ್ಛವಾಗಿ, ಹಿಂದಿನ ಪಾಪೆ ನಿಚ್ಚಳವಾಗಿ ಕಾಣುತ್ತದೆ. ಹುಣ್ಣಾಗಿದ್ದರೆ ಹಸಿರು ಹೊಳೆದ ಜಾಗದಲ್ಲೇ ಬಿಳುಪು ಕೂತಿರುತ್ತದೆ. ಆಳ ಎಷ್ಟೆಂದು ಸೀಳು ಬೆಳಕಿನ ಚಿತ್ರ ಹೇಳುತ್ತದೆ.

‘ಬಿಳಿ ಬೆಳಕಿಂದು ಎಲ್ಲಿ?’

‘ತೆಗೀಲಿಲ್ಲ ಮೇಡಂ. ಒಬ್ಬರಿಗೆ ಒಂದೇ ಫೋಟೋ ಹೋಗೋದು. ತರಬೇತೀಲಿ, ಗಾಯ ಇದ್ರೆ ಹಸಿರುದು ಕಳ್ಸಿ, ಚೆನ್ನಾಗಿ ಕಾಣುತ್ತೆ ಅಂದಿದ್ರು. ಬಿಳೀದು ಕಳ್ಸಿದ್ರೆ ಗಾಯ ಎಲ್ಲಿದೆ ಅಂತ ವಾಪಸ್ ಕೇಳ್ತಾರೆ.’

‘ಎರಡೂ ಕಳಿಸಬೇಕು ಅಂತ ನೀವು ಯಾವತ್ತೂ ಹೇಳಲಿಲ್ಲವೇ?’

‘ಹೇಳಿದ್ರೆ ಯಾರು ಕೇಳ್ತಾರೆ? ಹೋದ ಸಲ ಹೇಳಿದ್ದಕ್ಕೆ, ಎರಡೆರಡು ಕಳ್ಸೋಷ್ಟು ನಿಮ್ಮ ನೆಟ್‌ವರ್ಕ್ ಚೆನ್ನಾಗಿದೆಯಲ್ಲ ಅಂತ ಬೇಲೂರಿನ ಮ್ಯಾನೇಜರ್ ಸಾಹೇಬ್ರು ನಕ್ಕರು.’

ಅಷ್ಟರಲ್ಲಿ ನನ್ನ ಕಣ್ಣು ಅವರ ಹಿಂದಿನ ಗೋಡೆಯ ಮೇಲೆ ಬಿತ್ತು. ಹೊಸದಾಗಿ ಅಂಟಿಸಿದ, ಹೊಳೆಯುವ ಕಾಗದದ ಒಂದು ಹಾಳೆ. ಸಾಲಾಗಿ ಕಣ್ಣುಗಳ ಚಿತ್ರಗಳು, ಒಂದೊಂದರ ಕೆಳಗೆ ರೋಗದ ಹೆಸರು. ಫೋಟೋ ಹೇಗೆ ತೆಗೆಯಬೇಕು, ಯಾವುದನ್ನು ಏನೆಂದು ಗುರುತಿಸಬೇಕು ಎಂದು ಸಂಸ್ಥೆ ಎಲ್ಲ ಕೇಂದ್ರಗಳಿಗೂ ಕಳುಹಿಸಿದ ಹಾಳೆ. ಮೂರನೆಯ ಚಿತ್ರದ ಕೆಳಗೆ ‘ಮೇಲ್ಪದರದ ಗೀರು: ಮಾದರಿ ಚಿತ್ರ’ ಎಂದಿತ್ತು. ನೀಲಿ ಹಿನ್ನೆಲೆ, ಹಸಿರು ಮಚ್ಚೆ, ಕೆಳರೆಪ್ಪೆಯ ಅಂಚಿನಲ್ಲಿ ಕೂದಲುಗಳ ನಡುವೆ ಒಂದು ಕರಿ ಮಚ್ಚೆ. ಆ ಕರಿ ಮಚ್ಚೆಯನ್ನು ನಾನು ಪ್ರತಿದಿನ ಬೆಳಿಗ್ಗೆ ನೋಡುತ್ತಿದ್ದೆ. ಅದು ಹಗರೆಯ ಹೆಂಗಸಿನ ಕಣ್ಣು.

ತಂತ್ರಜ್ಞೆ ನನ್ನ ನೋಟ ಹಿಡಿದು ತಿರುಗಿ ನೋಡಿದರು. ಕೈಯಲ್ಲಿದ್ದ ಫೋನನ್ನು ಹಾಳೆಯ ಪಕ್ಕಕ್ಕೆ ಹಿಡಿದರು.

‘ನನ್ನ ಫೋಟೋ ಚೆನ್ನಾಗಿ ಬಂದಿದೆ, ಎಲ್ಲಾ ಕಡೆ ಹಾಕ್ತೀವಿ ಅಂತ ಫೋನ್ ಮಾಡಿ ಹೊಗಳಿದ್ರು ಮೇಡಂ. ಯಾವ ಫೋಟೋ ಅಂತ ನಾನು ನೋಡೇ ಇರಲಿಲ್ಲ.’

ಹೊರಗೆ ಬಂದೆ. ಒಂದು ತಪ್ಪು ಒಂದು ಕಣ್ಣನ್ನು ತಿಂದಿತು. ಆ ತಪ್ಪನ್ನೇ ಈಗ ಪಾಠ ಮಾಡಿ, ಅಚ್ಚು ಹಾಕಿ, ಗೋಡೆಗೆ ಹೊಡೆದಿದ್ದಾರೆ. ನಾಳೆ ಬೇಲೂರಿನಲ್ಲೋ ಇನ್ನೆಲ್ಲೋ ಹುಣ್ಣಾದವರೊಬ್ಬರು ಬಂದಾಗ, ತಂತ್ರಜ್ಞರು ಪರದೆಯ ಮೇಲಿನ ಚಿತ್ರವನ್ನೂ ಗೋಡೆಯ ಚಿತ್ರವನ್ನೂ ಹೋಲಿಸಿ ‘ಸರಿಯಾಗಿ ಗೀರಿನ ಹಾಗೇ ಇದೆ’ ಎನ್ನುತ್ತಾರೆ. ಅವರ ಹೋಲಿಕೆ ನಿಖರವಾಗಿರುತ್ತದೆ. ಹುಣ್ಣು ಹುಣ್ಣಿನ ಹಾಗೆಯೇ ತಾನೇ ಇರುವುದು.

ಅರಸೀಕೆರೆಗೆ ಮರಳಿ ಆ ಹೆಂಗಸಿಗೆ ವಿಷಯ ತಿಳಿಸಿದೆ. ಅವರ ಒಪ್ಪಿಗೆ ಯಾರೂ ಕೇಳಿರಲಿಲ್ಲ. ತಿಳಿಯುವ ಹಕ್ಕು ಅವರದು.

‘ನನ್ನ ಕಣ್ಣು ಗ್ವಾಡೆ ಮ್ಯಾಲೈತಾ?’

‘ಇದೆ.’

‘ಯಾವ್ಯಾವ ಊರ್ನಾಗೆ?’

‘ಎಲ್ಲ ಕೇಂದ್ರಗಳಲ್ಲೂ ಇರಬಹುದು.’

‘ನಾನು ಬೇಲೂರಿಗೆ ಹೋಗೇ ಎಲ್ಡು ವರ್ಷ ಆಯ್ತು. ನನ್ನ ಕಣ್ಣು ಹೋಗಿ ಕುಂತೈತೆ ನೋಡಿ.’ ನನ್ನ ಕಡೆ ತಿರುಗಿ, ‘ಅದ್ರ ಕೆಳಗೆ ಸುಳ್ಳು ಬರದವ್ರಾ?’ ಎಂದರು.

‘ಹೌದು.’

‘ಹಂಗಾರೆ ತೆಗ್ಸಿ. ನೋಡ್ಕಂಡು ಇನ್ನೊಬ್ಬಳು ಮೋಸ ಹೋಯ್ತಾಳೆ.’

ನಾನು ಸಂಸ್ಥೆಗೆ ಬರೆದೆ. ಮತ್ತೆ ಬರೆದೆ. ಕೊನೆಗೆ ಬೇಲೂರಿನಲ್ಲಿ ನಡೆಯುವ ಅವರ ಪರಿಶೀಲನಾ ಸಭೆಗೆ ಕರೆದರು. ಒಂದು ಹೋಟೆಲಿನ ಮೇಲಿನ ಸಭಾಂಗಣ. ಕಿಟಕಿಯ ಕೆಳಗೆ ದೇವಸ್ಥಾನದ ಕಡೆ ಹೋಗುವ ಬಸ್ಸುಗಳ ಹಾರ್ನು. ವಲಯದ ವ್ಯವಸ್ಥಾಪಕರು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಕೆಡದ ಅಂಗಿ, ಕೆಡದ ನಗು. ಫೋಟೋ ಓದಿದ ವೈದ್ಯರು ನಗರದಿಂದ ಪರದೆಯ ಮೇಲೆ ಬಂದರು. ಹಳೇಬೀಡಿನ ತಂತ್ರಜ್ಞೆಯನ್ನೂ ಕರೆಸಿ ಮೂಲೆಯಲ್ಲಿ ಕೂರಿಸಿದ್ದರು, ಆರೋಪಿಯ ಹಾಗೆ.

ವ್ಯವಸ್ಥಾಪಕರು ಆರಂಭಿಸಿದರು: ‘ನಮ್ಮ ಆಂತರಿಕ ಪರಿಶೀಲನೆ ಪ್ರಕಾರ, ರೋಗಿ ಮನೇಲಿ ನಾಟಿ ಔಷಧಿ ಹಾಕ್ಕೊಂಡಿರೋದ್ರಿಂದ ಸೋಂಕು ಆಗಿದೆ.’

‘ಅದನ್ನು ಯಾರು ಹೇಳಿದರು?’

‘ಸಾಮಾನ್ಯವಾಗಿ ಹಳ್ಳಿ ಕಡೆ ಹಾಕ್ಕೋತಾರಲ್ಲ ಮೇಡಂ.’

‘ಅವರನ್ನು ಕೇಳಿದಿರಾ?’

ಕೇಳಿರಲಿಲ್ಲ. ನಾನು ಕೇಳಿದ್ದೆ. ನಾಲ್ಕೈದು ದಿನ ತಣ್ಣೀರನ್ನಷ್ಟೇ ಎರಚಿಕೊಂಡು ನೋಡಿ, ನೇರವಾಗಿ ಕೇಂದ್ರಕ್ಕೆ ಹೋಗಿದ್ದರು. ಹಳ್ಳಿಯ ಹೆಂಗಸು ಎಂದ ಮೇಲೆ ಸೊಪ್ಪಿನ ರಸ ಬಿಟ್ಟಿರಲೇಬೇಕು ಎಂಬ ಊಹೆಯಿಂದ ಒಂದು ಸಂಸ್ಥೆ ತನ್ನ ಕೈ ತೊಳೆದುಕೊಂಡಿತ್ತು. ಅವರ ಕಣ್ಣಿಗೆ ಬಿದ್ದ ಕೆಟ್ಟ ಔಷಧಿ ಒಂದೇ. ಅದಕ್ಕೆ ಚೀಟಿ ಬರೆದದ್ದು ಇದೇ ಸಂಸ್ಥೆ.

‘ಆಯ್ತು ಮೇಡಂ,’ ವ್ಯವಸ್ಥಾಪಕರು ಆ ಹಸಿರು ಚಿತ್ರವನ್ನು ಗೋಡೆಯಗಲ ಮೂಡಿಸಿದರು. ‘ನೀವೇ ಹೇಳಿ. ಇದನ್ನ ನೋಡಿ ಯಾರಾದ್ರೂ ಹುಣ್ಣು ಅಂತ ಹೇಳೋಕ್ಕಾಗುತ್ತಾ?’

ಅವರು ಇದನ್ನು ನನ್ನ ಬಾಯಿ ಮುಚ್ಚಿಸುವ ಪ್ರಶ್ನೆಯೆಂದುಕೊಂಡಿದ್ದರು. ನಾನು ಓದಿದ ಶಾಲೆಯಲ್ಲಿ ಎಲೆಯೊಂದನ್ನು ಕೈಗೆ ಕೊಟ್ಟು, ಹೆಸರು ಹೇಳುವ ಮೊದಲು ಕಂಡದ್ದನ್ನೆಲ್ಲ ಹೇಳು ಎನ್ನುತ್ತಿದ್ದರು. ನಾನು ಎದ್ದು ಗೋಡೆಯ ಹತ್ತಿರ ಹೋಗಿ ಅದನ್ನೇ ಮಾಡಿದೆ.

‘ಬಲಗಣ್ಣು. ನೀಲಿ ಬೆಳಕು, ಫ್ಲೋರೆಸೀನ್ ಹಾಕಿದ ಮೇಲಿನದು. ಕಾರ್ನಿಯಾದ ನಡುವಿಗಿಂತ ತುಸು ಕೆಳಗೆ, ಪಾಪೆಯ ಮೇಲೆ ಬರುವಂತೆ, ಒಂದು ಹಸಿರು ಮಚ್ಚೆ. ಗೆರೆಯಂತಿಲ್ಲ, ಹುರುಳಿಕಾಳಿನ ಆಕಾರ. ಮೇಲಿನ ಅಂಚು ಸ್ಪಷ್ಟ. ಕೆಳಗಿನ ಅಂಚು ಅಸ್ಪಷ್ಟ, ಬಣ್ಣ ಒದ್ದೆ ಗೋಡೆಯಲ್ಲಿ ಹಬ್ಬಿದಂತೆ ಪಕ್ಕಕ್ಕೆ ಹಬ್ಬಿದೆ. ಬಣ್ಣ ಒಳಪದರಕ್ಕೆ ಇಳಿದಿರಬಹುದು. ಹೆಚ್ಚಿನ ಬಣ್ಣವನ್ನು ತೊಳೆಯದೆ ಫೋಟೋ ತೆಗೆದಿದ್ದರೂ ಹೀಗೆ ಕಾಣಬಹುದು. ಇಲ್ಲಿ ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆ. ಇನ್ನು ಈ ಚಿತ್ರದಲ್ಲಿ ಕಾಣದೇ ಇರುವುದು: ಹಸಿರಿನ ಅಡಿ ಕಾರ್ನಿಯಾ ಸ್ವಚ್ಛವಾಗಿದೆಯೇ, ಬಿಳುಪಾಗಿದೆಯೇ, ಗೊತ್ತಾಗುವುದಿಲ್ಲ. ಎಷ್ಟು ಆಳ, ಗೊತ್ತಾಗುವುದಿಲ್ಲ. ಹಿಂದೆ ಕೀವಿದೆಯೇ, ಗೊತ್ತಾಗುವುದಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಇದನ್ನು ನೋಡಿ ಹುಣ್ಣು ಎಂದು ಖಚಿತವಾಗಿ ಹೇಳಲಾಗುವುದಿಲ್ಲ. ಗೀರು ಎಂದೂ ಹೇಳಲಾಗುವುದಿಲ್ಲ. ನೀವು ಹೇಳಿದಿರಿ.’

ನಂತರ ನಾನು ತಂದಿದ್ದ ಬಿಳಿ ಬೆಳಕಿನ ಚಿತ್ರ ಹಾಕಿದೆ. ಅದು ಹತ್ತು ದಿನಗಳ ನಂತರದ್ದು, ಆಗ ರೋಗ ಬೆಳೆದಿತ್ತು ಎಂಬುದನ್ನೂ ನಾನೇ ಹೇಳಿದೆ. ಮುಚ್ಚಿಡಲು ನನಗೇನೂ ಇರಲಿಲ್ಲ. ಅದೇ ರೆಪ್ಪೆ, ಅದೇ ಜಾಗ, ಬೂದು ಬಿಳಿ ಮಚ್ಚೆ. ಅದರ ಪಕ್ಕದಲ್ಲಿ ಬೇರೊಬ್ಬ ರೋಗಿಯ, ಅವರ ಒಪ್ಪಿಗೆ ಪಡೆದು ತಂದ, ನಿಜವಾದ ಗೀರಿನ ಎರಡು ಚಿತ್ರ: ನೀಲಿಯಲ್ಲಿ ಚೂಪಾದ ಅಂಚಿನ ಹಸಿರು ಪಟ್ಟಿ, ಬಿಳಿಯಲ್ಲಿ ಅದೇ ಜಾಗ ಬಾವಿ ನೀರಿನಷ್ಟು ತಿಳಿ.

ಪರದೆಯ ಮೇಲಿನ ವೈದ್ಯರು ಕನ್ನಡಕ ತೆಗೆದು ಒರೆಸಿದರು. ‘ಮೇಡಂ, ಪರದೆ ಮೇಲೆ ಒಂದು ಪಟ್ಟಿ ಬರುತ್ತೆ. ಅದರಲ್ಲಿರೋ ಹೆಸರುಗಳಲ್ಲಿ ಒಂದನ್ನ ಒತ್ತಲೇಬೇಕು. ಗೊತ್ತಾಗ್ತಿಲ್ಲ ಅನ್ನೋ ಬಟನ್ನೇ ಇಲ್ಲ.’

‘ಫೋನ್ ಇತ್ತಲ್ಲ ಸಾರ್,’ ಎಂದರು ಮೂಲೆಯಿಂದ ತಂತ್ರಜ್ಞೆ. ‘ಬಿಳೀದೂ ಒಂದು ತೆಗೀರಿ ಅಂದಿದ್ರೆ, ಆ ಪೇಷಂಟು ಅಲ್ಲೇ ನನ್ನ ಎದುರಿಗೇ ಕೂತಿದ್ರು.’

‘ನೀವು ಸುಮ್ನಿರಿ,’ ಎಂದರು ವ್ಯವಸ್ಥಾಪಕರು.

‘ಅವರು ಯಾಕೆ ಸುಮ್ಮನಿರಬೇಕು?’ ಎಂದೆ ನಾನು.

ನನ್ನ ದನಿ ಏರಿತ್ತು. ಏರಿದ್ದಕ್ಕೆ ನಾನು ವಿಷಾದಿಸುವುದಿಲ್ಲ. ಸಗಣಿ ಬಾಲ ಬಡಿದ ಕಣ್ಣೆಂದು ತಿಳಿದೂ ಸ್ಟೀರಾಯ್ಡ್ ಬರೆದದ್ದು ತಪ್ಪು. ಅಂಥ ಕಣ್ಣಿಗೆ ಪ್ಯಾಡು ಕಟ್ಟಿಸಿದ್ದು ತಪ್ಪು. ಬರೀ ಗೀರಾಗಿದ್ದರೆ ಎರಡು ಮೂರು ದಿನದಲ್ಲಿ ಮಾಯಬೇಕಿತ್ತು. ಮಾಯದೆ ಮತ್ತೆ ಬಂದಾಗ ಹೊಸ ಫೋಟೋ ತೆಗೆಸದೆ ‘ಅದೇ ಮುಂದುವರಿಸಿ’ ಎಂದದ್ದು ಮೊದಲಿನದಕ್ಕಿಂತ ದೊಡ್ಡ ತಪ್ಪು. ತಿಳಿಯದು ಎನ್ನಲು ಜಾಗವೇ ಇಲ್ಲದ ಪಟ್ಟಿ ಮಾಡಿದ್ದು ತಪ್ಪು. ತಿಳಿಯದಿದ್ದರೂ ಒತ್ತಿದ್ದು ತಪ್ಪು. ಕೇಳದೆ ರೋಗಿಯ ಮೇಲೆ ಗೂಬೆ ಕೂರಿಸಿದ್ದು ತಪ್ಪಲ್ಲ, ಅಪರಾಧ. ಇವನ್ನೆಲ್ಲ ಅವರೆದುರೇ ಒಂದೊಂದಾಗಿ ಹೇಳಿದೆ.

ವ್ಯವಸ್ಥಾಪಕರು ಎಲ್ಲವನ್ನೂ ಕೇಳಿ, ‘ನಿಮ್ಮ ಕಾಳಜಿ ಅರ್ಥ ಆಗುತ್ತೆ ಮೇಡಂ. ಹೊಸ ಹಾಳೆ ಮುಂದಿನ ಮುದ್ರಣದಲ್ಲಿ ನೋಡೋಣ. ಈಗ ಊಟ ಆರುತ್ತೆ,’ ಎಂದರು. ಎಲ್ಲರೂ ಎದ್ದರು. ಹೋಳಿಗೆ ಮಾಡಿಸಿದ್ದರಂತೆ. ನಾನು ಊಟ ಮಾಡಲಿಲ್ಲ. ತಂತ್ರಜ್ಞೆಯೂ ಮಾಡಲಿಲ್ಲ. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹಳೇಬೀಡಿಗೆ ಬಂದೆವು. ಅವರು ಬೀಗ ತೆಗೆದು, ಚಪ್ಪಲಿ ಬಿಟ್ಟು ಸ್ಟೂಲಿನ ಮೇಲೆ ಹತ್ತಿ, ಆ ಹಾಳೆಯನ್ನು ಗೋಡೆಯಿಂದ ಕಿತ್ತರು.

‘ಕೆಲಸ ಹೋದ್ರೆ ನಿಮ್ಮ ಆಸ್ಪತ್ರೆಗೆ ಬರ್ತೀನಿ, ಹೇಳಿದೀನಿ,’ ಎಂದರು.

ಒಂದು ಕೇಂದ್ರದ ಗೋಡೆ ಖಾಲಿಯಾಯಿತು. ಉಳಿದವುಗಳ ಮೇಲೆ ಆ ಕಣ್ಣು ಇಂದಿಗೂ ಗೀರೆಂಬ ಹೆಸರು ಹೊತ್ತು ಕೂತಿದೆ.

ಆದ್ದರಿಂದ ಸಂಸ್ಥೆಯ ಆಡಳಿತ ಮಂಡಳಿಗೂ, ಅದಕ್ಕೆ ಅನುಮತಿ ಕೊಟ್ಟಿರುವ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೂ ನೇರವಾಗಿ ಹೇಳುತ್ತಿದ್ದೇನೆ. ಮುಂದಿನ ಮುದ್ರಣಕ್ಕೆ ಕಾಯಬೇಡಿ. ಆ ಹಾಳೆಯನ್ನು ಈ ವಾರವೇ ಎಲ್ಲ ಕೇಂದ್ರಗಳಿಂದ ತೆಗೆಸಿ. ಕೇವಲ ಹಸಿರು ಚಿತ್ರವೊಂದನ್ನು ನೋಡಿ ನೀವು ‘ಗೀರು’ ಎಂದು ಹೇಳಿ ಮನೆಗೆ ಕಳುಹಿಸಿದ ಪ್ರತಿಯೊಬ್ಬರಿಗೂ ಈ ತಿಂಗಳೊಳಗೆ ಫೋನ್ ಮಾಡಿ, ವಾಪಸ್ ಕರೆಸಿ, ಬಿಳಿ ಬೆಳಕಿನಲ್ಲಿ ಅವರ ಕಣ್ಣು ನೋಡಿ.